ಸ–ಪ ನಡುವಿನ ಅಲೆ: ಮಂದಿರದ ಹಾರ್ಮೋನಿಯಂ ಕೆಲಸದ ದಿನಚರಿ

ಜೂನ್ 22

ನಮ್ಮೂರಿನ ಭಜನಾ ಮಂದಿರದ ಹಾರ್ಮೋನಿಯಂ ಈಗ ನಮ್ಮ ಮನೆಯ ಚಾವಡಿಯಲ್ಲಿದೆ. ಬದಿಯಡ್ಕದ ಕಡೆಯ ಮಳೆಗೆ ಗಾಳಿಗೆ ನಡುಗಿ ಸ್ವರ ಕೊಡುವ ಹಿತ್ತಾಳೆಯ ರೀಡುಗಳ ಮೇಲೆಲ್ಲ ಹಸಿರು ಕಿಲುಬು ಹತ್ತಿದೆ. ಇದರಲ್ಲಿ ಎರಡು ಸಾಲು ರೀಡುಗಳಿವೆ. ಎರಡೂ ಸಾಲು ಒಂದೇ ಸ್ಥಾಯಿಯವು, ಅಂದರೆ ಒಂದು ಕೀ ಒತ್ತಿದರೆ ಒಂದೇ ಸ್ವರದ ಎರಡು ರೀಡು ಒಟ್ಟಿಗೆ ನುಡಿಯಬೇಕು.

ಬಿಳಿ ಒಂದು ಎಂಬ ಕೀಯನ್ನು ಒತ್ತಿದೆ. ಸ್ವರ ಒಂದೇ ಸಮನೆ ನಿಲ್ಲಲಿಲ್ಲ. ವಾಂವ್ ವಾಂವ್ ಎಂದು ಏರಿ ಇಳಿಯುತ್ತಿತ್ತು. ಇದೇ ಬೀಟ್. ಕನ್ನಡದಲ್ಲಿ ವಿಸ್ಪಂದ ಎಂಬ ಹೆಸರೂ ಇದೆ, ನಾನು ಸುಮ್ನೆ ಅಲೆ ಎಂದು ಬರೆಯುತ್ತೇನೆ. ಎರಡು ರೀಡು ಒಂದೇ ಹೊತ್ತಿಗೆ ಗಾಳಿಯನ್ನು ತಳ್ಳಿದಾಗ ಸದ್ದು ಜೋರಾಗುತ್ತದೆ. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಸದ್ದು ಅಡಗುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಅಲೆ ಕೇಳಿಸುತ್ತದೋ, ಎರಡು ರೀಡುಗಳ ಕಂಪನದ ನಡುವೆ ಅಷ್ಟೇ ಹರ್ಟ್ಜ್ ವ್ಯತ್ಯಾಸ.

ಮಗಳು ನಿಧಾನವಾಗಿ, ಒಂದೇ ಸಮ ಗಾಳಿ ಹಾಕಿದಳು. ನಾನು ವಾಚ್ ನೋಡಿ ಎಣಿಸಿದೆ. 10 ಸೆಕೆಂಡಿಗೆ 25 ಅಲೆ. ಅಂದರೆ 2.5 ಹರ್ಟ್ಜ್ ವ್ಯತ್ಯಾಸ.

ಜೂನ್ 24

ಅಲೆಯಲ್ಲಿ ಒಂದು ತೊಂದರೆ ಇದೆ. ಎಷ್ಟು ವ್ಯತ್ಯಾಸ ಎಂದು ಅದು ಹೇಳುತ್ತದೆ, ಯಾವುದು ಮೇಲೆ ಯಾವುದು ಕೆಳಗೆ ಎಂದು ಹೇಳುವುದಿಲ್ಲ. ಅದಕ್ಕೆ ಎರಡನೇ ಸಾಲಿನ ರೀಡಿನ ನಾಲಿಗೆಯ, ಅಂದರೆ ನಡುಗುವ ತೆಳು ಪಟ್ಟಿಯ, ತುದಿಗೆ ಸಾಸಿವೆಗಿಂತ ಸಣ್ಣ ಚೂರು ಮೇಣ ಅಂಟಿಸಿದೆ. ತುದಿ ಭಾರವಾದರೆ ಸ್ವರ ಇಳಿಯುತ್ತದೆ. ಅಲೆ ಇನ್ನೂ ಜೋರಾಗಿ ಓಡಿತು. ಹಾಗಾದರೆ ಈ ರೀಡು ಮೊದಲೇ ಕೆಳಗಿತ್ತು. ಅದು ಮೇಲಿದ್ದಿದ್ದರೆ ಅಲೆ ನಿಧಾನವಾಗಬೇಕಿತ್ತು.

ಮೇಣ ತೆಗೆದು ಮೊದಲು ಕಿಲುಬು ಒರೆಸಿದೆ. ಕಿಲುಬೂ ಮೇಣದ ಹಾಗೆ ಭಾರವೇ ಅಲ್ವಾ. ಅಷ್ಟಕ್ಕೇ ಅಲೆ 10 ಸೆಕೆಂಡಿಗೆ 12ಕ್ಕೆ ಇಳಿಯಿತು. ಎಲ್ಲರೂ ಮೊದಲೇ ಅರ ಹಿಡಿಯುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಹಾಗೆ ಮಾಡಿದರೆ ಕಿಲುಬಿನಿಂದ ಇಳಿದ ಸ್ವರಕ್ಕಾಗಿ ಒಳ್ಳೆಯ ಹಿತ್ತಾಳೆಯನ್ನು ಉಜ್ಜಿ ಕಳೆದುಕೊಂಡ ಹಾಗಾಗುತ್ತದೆ.

ಉಳಿದದ್ದಕ್ಕೆ ಸಣ್ಣ ಅರ. ನಾಲಿಗೆಯ ಕೆಳಗೆ ಹಳೆಯ ಶೇವಿಂಗ್ ಬ್ಲೇಡ್ ತೂರಿಸಿ ಆಧಾರ ಕೊಟ್ಟು, ತುದಿಯಲ್ಲಿ ಮೆಲ್ಲಗೆ ಉಜ್ಜಬೇಕು. ತುದಿ ಹಗುರವಾದರೆ ಸ್ವರ ಏರುತ್ತದೆ. ಬುಡದಲ್ಲಿ, ರಿವೆಟ್ ಹತ್ತಿರ ಉಜ್ಜಿದರೆ ನಾಲಿಗೆಯ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ಎರಡೆರಡು ಸಲ ಉಜ್ಜುವುದು, ರೀಡನ್ನು ಅದರ ಜಾಗಕ್ಕೇ ಕೂರಿಸಿ ಕೇಳುವುದು. ಸಂಜೆಯ ಹೊತ್ತಿಗೆ ಅಲೆ ಪೂರ್ತಿ ನಿಂತಿತು.

ಜೂನ್ 25

ಬೆಳಿಗ್ಗೆ ಒತ್ತಿದರೆ ಅಲೆ ಮತ್ತೆ ಬಂದಿದೆ! 10 ಸೆಕೆಂಡಿಗೆ 3. ಮೇಣ ಹಚ್ಚಿದೆ, ಈ ಸಲ ಅಲೆ ನಿಧಾನವಾಯಿತು. ಅಂದರೆ ರೀಡು ಈಗ ಮೇಲಿದೆ. ನಿನ್ನೆ ಬೆರಳಿನ ಮತ್ತು ಉಜ್ಜಾಟದ ಬಿಸಿಯಲ್ಲಿ ನಾಲಿಗೆ ಸ್ವಲ್ಪ ಮೆತ್ತಗಾಗಿ ಸ್ವರ ಕೆಳಗಿತ್ತು. ಆ ಬಿಸಿ ಸ್ವರಕ್ಕೆ ನಾನು ಸರಿಹೊಂದಿಸಿದೆ. ಆರಿದ ಮೇಲೆ ಅದು ಏರಿತು. ಬುಡದಲ್ಲಿ ಒಂದೇ ಒಂದು ಸಲ ಉಜ್ಜಿ, ಅರ್ಧ ಗಂಟೆ ಬಿಟ್ಟು ಕೇಳಿದೆ. ಸರಿಯಾಗಿದೆ. ಇನ್ನು ಮುಂದೆ ಪ್ರತಿ ರೀಡಿಗೂ ಅರ್ಧ ಗಂಟೆ ಕಾಯುವುದೇ.

ಜುಲೈ 4

ಒಂದೇ ಸ್ವರದ ಜೋಡಿಗಳೆಲ್ಲ ಮುಗಿದವು. ಕೆಲವು ರೀಡುಗಳಲ್ಲಿ ಅಲೆ ಸೆಕೆಂಡಿಗೆ 15ಕ್ಕಿಂತ ಜಾಸ್ತಿ ಇತ್ತು. ಅಷ್ಟು ವೇಗವಾದರೆ ಎಣಿಸಲು ಆಗುವುದಿಲ್ಲ, ಬರೀ ಗರಗರ ಕೇಳಿಸುತ್ತದೆ. ಅವನ್ನು ಮೊದಲು ಫೋನಿನ ಟ್ಯೂನರ್ ನೋಡಿ ಹತ್ತಿರ ತಂದು, ಆಮೇಲೆ ಎಣಿಸಿದೆ.

ಫೋನ್ ಇಲ್ಲದ ಕಾಲದಲ್ಲಿ ಎಣಿಕೆಯೊಂದರಿಂದಲೇ ಕಂಪನ ಅಳೆದವರಿದ್ದಾರೆ. ಜರ್ಮನಿಯ ರೇಷ್ಮೆ ಉದ್ಯಮಿ ಯೋಹಾನ್ ಹೈನ್ರಿಕ್ ಶೈಬ್ಲರ್ 1834ರ ಹೊತ್ತಿಗೆ 56 ಟ್ಯೂನಿಂಗ್ ಫೋರ್ಕುಗಳ ಸಾಲು ಮಾಡಿದ್ದ. ಪಕ್ಕಪಕ್ಕದ ಎರಡರ ನಡುವೆ ಸೆಕೆಂಡಿಗೆ 4 ಅಲೆ. ಮೊದಲನೆಯದಕ್ಕೂ ಕೊನೆಯದಕ್ಕೂ ಸರಿಯಾಗಿ ಒಂದು ಸ್ಥಾಯಿ ಅಂತರ. 56 ಫೋರ್ಕುಗಳ ನಡುವೆ 55 ಸಂದು, ಒಟ್ಟು 220 ಹರ್ಟ್ಜ್ ವ್ಯತ್ಯಾಸ. ಒಂದು ಸ್ಥಾಯಿ ಅಂದರೆ ದುಪ್ಪಟ್ಟು, ಹಾಗಾಗಿ ಮೊದಲನೆಯದು 220, ಕೊನೆಯದು 440. ಇದನ್ನು ನಾನೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ದಿನ ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಜುಲೈ 6

ಇವತ್ತು ಸ ಮತ್ತು ಪ. ಎರಡನೇ ಸಾಲು ಮುಚ್ಚಿಟ್ಟೆ. ಸ ಆಗಿ ಬಿಳಿ ಒಂದು 261.63 ಹರ್ಟ್ಜ್, ಪ ಆಗಿ ಬಿಳಿ ಐದು 392.0. ಟ್ಯೂನರಿನಲ್ಲಿ ಎರಡೂ ಹಸಿರು, ಅಂದರೆ ಸರಿ. ಎರಡನ್ನೂ ಒಟ್ಟಿಗೆ ಹಿಡಿದರೆ ನಿಧಾನದ ಒಂದು ಅಲೆ, 10 ಸೆಕೆಂಡಿಗೆ 9.

ಇಷ್ಟು ದೂರದ ಸ್ವರಗಳ ನಡುವೆ ಅಲೆ ಎಲ್ಲಿಂದ ಬಂತು? ರೀಡು ಒಂದೇ ಕಂಪನ ಕೊಡುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟಿನ ಕಂಪನಗಳೂ ಅದೇ ಸದ್ದಿನಲ್ಲಿ ಸೇರಿರುತ್ತವೆ. ಸ ದ ಮೂರು ಪಟ್ಟು 784.9. ಪ ದ ಎರಡು ಪಟ್ಟು 784.0. ಇವೆರಡೂ ಹತ್ತಿರ ಹತ್ತಿರ ಇವೆ, ಆ 0.9ರ ವ್ಯತ್ಯಾಸವೇ 10 ಸೆಕೆಂಡಿಗೆ 9 ಅಲೆಯಾಗಿ ಕೇಳಿಸಿದ್ದು. ಫೋನ್ ತಪ್ಪು ಹೇಳಲಿಲ್ಲ. ಅದು ಒಂದು ಸ್ಥಾಯಿಯನ್ನು 12 ಸಮ ಹೆಜ್ಜೆಯಾಗಿ ಹಂಚುತ್ತದೆ. ನಮ್ಮ ಕಿವಿ ಬಯಸುವ ಪ ಮಾತ್ರ ಸ ದ ಸರಿಯಾಗಿ ಒಂದೂವರೆ ಪಟ್ಟು, ಅಂದರೆ 392.4.

ಪ ರೀಡಿನ ತುದಿಯನ್ನು ಒಂದೆರಡು ಸಲ ಉಜ್ಜಿದೆ. ಆರಿದ ಮೇಲೆ ಎರಡನ್ನೂ ಹಿಡಿದೆ. ಅಲೆ ಇಲ್ಲ. ಸ ಮತ್ತು ಪ ಒಂದಕ್ಕೊಂದು ಅಂಟಿಕೊಂಡು ಚಾವಡಿ ತುಂಬಾ ನಿಂತವು. ಅಡುಗೆಮನೆಯಿಂದ ಅಮ್ಮ ಹೊರಗೆ ಬಂದು ಕೇಳುತ್ತಾ ನಿಂತರು.

ಜುಲೈ 8

ಸೋದರಮಾವ ಬಂದಿದ್ದರು. ಮಂದಿರದಲ್ಲಿ ಹಾರ್ಮೋನಿಯಂ ನುಡಿಸುವವರು ಅವರೇ. ಅವರು ಹಾಡುವುದು ಬಿಳಿ ಎರಡನ್ನು ಸ ಮಾಡಿಕೊಂಡು. ಆ ಶ್ರುತಿಗೆ ನನ್ನ ಬಿಳಿ ಐದು ಪ ಅಲ್ಲ, ಮ. ಸ–ಮ ಒಟ್ಟಿಗೆ ಹಿಡಿದರು.

“ಎಂಥ ಮಾರಾಯ, ಇಲ್ಲಿ ಅಲೆ ಜಾಸ್ತಿ ಆಯ್ತಲ್ಲ?”

“ನಿಲ್ಲಿ ಮಾವ, ಎಣಿಸ್ತೇನೆ.”

10 ಸೆಕೆಂಡಿಗೆ 27. ಲೆಕ್ಕ ಹಾಕಿದೆ. ಸ–ಮಕ್ಕೆ ಸ ದ ನಾಲ್ಕು ಪಟ್ಟು, ಮ ದ ಮೂರು ಪಟ್ಟು ನೋಡಬೇಕು. ಬಿಳಿ ಎರಡು 293.66, ಅದರ ನಾಲ್ಕು ಪಟ್ಟು ಸುಮಾರು 1174.6. ಬಿಳಿ ಐದರ ಮೂರು ಪಟ್ಟು ಮೊದಲು 1176.0 ಇತ್ತು, ನಾನು ಏರಿಸಿದ ಮೇಲೆ 1177.3. ಅಲೆ ದುಪ್ಪಟ್ಟಾಗಿದೆ. ಬಿಳಿ ಒಂದಕ್ಕೆ ಹೊಂದಿಸಿದ್ದು ಬಿಳಿ ಎರಡಕ್ಕೆ ಕೆಟ್ಟಿತು.

ಮಂದಿರದಲ್ಲಿ ಒಬ್ಬೊಬ್ಬರದು ಒಂದೊಂದು ಶ್ರುತಿ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಅಲೆ ಇರುವುದೇ ಆ ಪೆಟ್ಟಿಗೆಗೆ ನ್ಯಾಯ. ಬಿಳಿ ಐದರ ಬುಡದಲ್ಲಿ ಉಜ್ಜಿ ಮತ್ತೆ 392.0ಕ್ಕೆ ತಂದೆ. ಆದರೆ ಅದಕ್ಕೊಂದು ಬೆಲೆ ಇದೆ. ತುದಿಯಲ್ಲೂ ಬುಡದಲ್ಲೂ ಉಜ್ಜಿಸಿಕೊಂಡ ನಾಲಿಗೆ ತೆಳುವಾಗುತ್ತದೆ, ಇನ್ನು ಈ ರೀಡನ್ನು ಮುಟ್ಟುವುದಿಲ್ಲ.

ಜುಲೈ 13

ಹಾರ್ಮೋನಿಯಂ ಮಂದಿರಕ್ಕೆ ಹೋಯಿತು. ಮಾವ ತಮ್ಮ ಹಳೆಯ ಶ್ರುತಿ ಪೆಟ್ಟಿಗೆ ಬಿಟ್ಟು ಹೋಗಿದ್ದಾರೆ. ಅದರಲ್ಲಿ ಮೂರೇ ರೀಡು, ಸ, ಪ, ಮೇಲಿನ ಸ. ಶ್ರುತಿ ಬದಲಾಗುವುದೇ ಇಲ್ಲ, ಹಾಗಾಗಿ ಇಲ್ಲಿ ಟ್ಯೂನರಿನ ಹಸಿರು ನನಗೆ ಬೇಡ, ಪ ಅನ್ನು ಒಂದೂವರೆ ಪಟ್ಟಿಗೇ ನಿಲ್ಲಿಸಬಹುದು.

ಈಗ 7 ಸೆಕೆಂಡಿಗೆ ಒಂದು ಅಲೆ ಉಳಿದಿದೆ. ಒಂದು ಸಲ ತುಂಬಿದ ಗಾಳಿ ಅಷ್ಟೇ ಹೊತ್ತು ಬರುತ್ತದೆ. ಮತ್ತೆ ತಿದಿ ಒತ್ತಿದಾಗ ಒತ್ತಡ ಬದಲಾಗಿ ಸ್ವರವೂ ಒಂಚೂರು ಅಲುಗುತ್ತದೆ. ಕೇಳಿದ್ದು ರೀಡಿನ ಅಲೆಯೋ ನನ್ನ ಕೈಯದೋ ಎಂದು ಇದಕ್ಕಿಂತ ಕೆಳಗೆ ಬೇರ್ಪಡಿಸಲು ಆಗುವುದಿಲ್ಲ. ಅರ ಎತ್ತಿಟ್ಟೆ. ಮೇಲಿನ ಸ ದ ಕಿಲುಬು ನಾಳೆ ಒರೆಸಬೇಕು.