ನೈಟ್ರೇಟ್ ಕಾಲಂ ಮತ್ತು ಕಾಣೆಯಾದ ಮೈನಸ್ ಗುರುತು

ಕೋಲಾರದ ಕಡೆಯ ಒಂದು ತಾಲೂಕಿನಲ್ಲಿ 40 ಕೊಳವೆಬಾವಿಗಳ ನೀರು ಪರೀಕ್ಷೆ ಮಾಡಿಸಿ ವರದಿ ಕೊಡುವ ಕೆಲಸ ನಮ್ಮ ಪುಟ್ಟ ತಂಡಕ್ಕೆ ಬಂದಿತ್ತು. ವರದಿ ಮರುದಿನ ಬೆಳಿಗ್ಗೆ ಹೋಗಬೇಕು. ಹಿಂದಿನ ಸಂಜೆ ನಮ್ಮ ಇಂಟರ್ನ್, ಭೂವಿಜ್ಞಾನದಲ್ಲಿ ಎಂಎಸ್ಸಿ ಓದುತ್ತಿದ್ದ ಹುಡುಗಿ, ನನ್ನ ಮೇಜಿನ ಹತ್ತಿರ ಬಂದು ಕೇಳಿದಳು: "ಸರ್, ಅಯಾನ್ ಬ್ಯಾಲೆನ್ಸ್ ಕಾಲಂನಲ್ಲಿ ಒಂದೂ ಮೈನಸ್ ಇಲ್ವಲ್ಲ, ಯಾಕೆ?"

ಅವಳಿಗೆ ಕೊಟ್ಟಿದ್ದ ಕೆಲಸ ಕಾಗುಣಿತ ನೋಡುವುದು, ಪುಟಸಂಖ್ಯೆ ಸರಿಪಡಿಸುವುದು, ಕೋಷ್ಟಕಗಳ ಗೆರೆ ಕೂಡಿಸುವುದು, ಅಷ್ಟೇ. ಅಯಾನ್ ಬ್ಯಾಲೆನ್ಸ್ ನೋಡು ಅಂತ ಯಾರೂ ಹೇಳಿರಲಿಲ್ಲ. ಆದರೆ ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಯಾಕೆ ಅಂತ ಹೇಳಬೇಕಾದರೆ ಈ ಕಾಲಂ ಏನು ಮಾಡುತ್ತದೆ ಅಂತ ಮೊದಲು ಹೇಳಬೇಕು.

ನೀರಿನಲ್ಲಿ ಕರಗಿರುವ ಉಪ್ಪುಗಳು ಧನ ಅಯಾನು, ಋಣ ಅಯಾನುಗಳಾಗಿ ಒಡೆದಿರುತ್ತವೆ. ಒಂದು ಕಡೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ. ಇನ್ನೊಂದು ಕಡೆ ಬೈಕಾರ್ಬನೇಟ್, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್. ನೀರಿಗೆ ಒಟ್ಟಾರೆ ವಿದ್ಯುತ್ ಇಲ್ಲ, ಹಾಗಾಗಿ ಎರಡೂ ಕಡೆಯ ಚಾರ್ಜ್ ಸಮ ಇರಲೇಬೇಕು. ಲ್ಯಾಬ್ ಕೊಟ್ಟ ಮಿಲಿಗ್ರಾಂ ಅಂಕಿಗಳನ್ನು ಮಿಲಿಈಕ್ವಿವಲೆಂಟ್‌ಗೆ, ಅಂದರೆ ತೂಕದ ಬದಲು ಚಾರ್ಜ್ ಎಣಿಸುವ ಲೆಕ್ಕಕ್ಕೆ, ಬದಲಿಸಿ ಎರಡೂ ಕಡೆ ಕೂಡಿಸಿ ನೋಡುತ್ತೇವೆ. ವ್ಯತ್ಯಾಸ ಶೇ. 5ರ ಒಳಗಿದ್ದರೆ ವಿಶ್ಲೇಷಣೆ ಪರವಾಗಿಲ್ಲ ಅಂತ ಒಪ್ಪಿಕೊಳ್ಳುವುದು ರೂಢಿ. ನಮ್ಮ ಹಾಳೆಯಲ್ಲಿದ್ದ ಸೂತ್ರ ಇದು. ಇಲ್ಲಿ C ಅಂದರೆ ಧನ ಅಯಾನುಗಳ ಮೊತ್ತ, A ಅಂದರೆ ಋಣ ಅಯಾನುಗಳದ್ದು:

```
=ABS((C-A)/(C+A)*100)
```

40ಕ್ಕೆ 40 ಮಾದರಿಗಳೂ ಶೇ. 5ರ ಒಳಗೆ ಇದ್ದವು. ಎಲ್ಲರಿಗೂ ಸಮಾಧಾನ. ಆದರೆ `ABS` ಮೈನಸ್ ಗುರುತನ್ನು ಅಳಿಸಿಬಿಡುತ್ತದೆ. ಎಷ್ಟು ತಪ್ಪಿದೆ ಅಂತ ಗೊತ್ತಾಗುತ್ತದೆ, ಯಾವ ಕಡೆಗೆ ತಪ್ಪಿದೆ ಅಂತ ಗೊತ್ತಾಗುವುದಿಲ್ಲ. ಹುಡುಗಿ ತನ್ನ ಪ್ರತಿಯಲ್ಲಿ ಆ ಮೂರು ಅಕ್ಷರ ತೆಗೆದು ನೋಡಿದ್ದಳು. ಮೊದಲ 26 ಮಾದರಿಗಳಲ್ಲಿ ಪ್ಲಸ್ಸೂ ಮೈನಸ್ಸೂ ಬೆರೆತು ಬಂದವು. ಅಳತೆಯ ಸಣ್ಣಪುಟ್ಟ ಏರುಪೇರು ಇದ್ದರೆ ಹಾಗೇ ಬರಬೇಕು. 27ರಿಂದ ಮುಂದೆ 14 ಮಾದರಿಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಪ್ಲಸ್. ಅಂದರೆ ಋಣ ಅಯಾನುಗಳ ಕಡೆ ಏನೋ ಕಡಿಮೆ ಬೀಳುತ್ತಿದೆ, ಅದೂ ಒಂದೇ ಸಮನೆ.

ನಮ್ಮ ಹಿರಿಯ ಮೇಡಂ ಚಹಾ ಲೋಟ ಹಿಡಿದು ಬಂದು ನೋಡಿದರು. "ಆಲ್ಕಲಿನಿಟಿ ಟೈಟ್ರೇಷನ್ ಸರಿಯಾಗಿಲ್ಲ ಅನ್ಸುತ್ತೆ. ಬೈಕಾರ್ಬನೇಟ್ ಕಡಿಮೆ ಓದಿದ್ರೆ ಹೀಗೇ ಆಗೋದು" ಅಂದರು. ಸಾಮಾನ್ಯವಾಗಿ ಅದೇ ಕಾರಣ ಇರುತ್ತದೆ, ನಾನೂ ತಲೆಯಾಡಿಸಿದೆ.

"ಮೇಡಂ, ಹಾಗಿದ್ರೆ ಬೈಕಾರ್ಬನೇಟ್ ಜಾಸ್ತಿ ಇರೋ ಕಡೆ ಕೊರತೆನೂ ಜಾಸ್ತಿ ಇರ್ಬೇಕಲ್ವಾ? ಇಲ್ಲಿ ಹಾಗಿಲ್ಲ" ಅಂದಳು ಹುಡುಗಿ. ಆ 14 ಸಾಲುಗಳನ್ನು ಅವಳು ಒಂದೊಂದೇ ಅಯಾನಿನ ಪ್ರಕಾರ ಜೋಡಿಸಿ ನೋಡಿದ್ದಳು. ಬೈಕಾರ್ಬನೇಟ್ ಪ್ರಕಾರ ಜೋಡಿಸಿದರೆ ಕೊರತೆ ಎಲ್ಲೆಂದರಲ್ಲಿ. ಕ್ಲೋರೈಡ್ ಪ್ರಕಾರವೂ ಹಾಗೇ. ನೈಟ್ರೇಟ್ ಪ್ರಕಾರ ಜೋಡಿಸಿದಾಗ ಮಾತ್ರ ಕೊರತೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತಾ ಹೋಗಿತ್ತು. ಮೈನಸ್ ಬಂದಿದ್ದ ಆ ಒಂದು ಮಾದರಿಯಲ್ಲಿ ನೈಟ್ರೇಟ್ ಇದ್ದದ್ದು ಬರೀ 2.

ಮೇಡಂ ಲೋಟ ಕೆಳಗಿಟ್ಟರು.

ಈ ಕ್ಷೇತ್ರದಲ್ಲಿ ಇರುವವರಿಗೆ ಇಷ್ಟು ಹೇಳಿದರೆ ಸಾಕು, ಮುಂದಿನದು ಹೊಳೆದುಬಿಡುತ್ತದೆ. ನೈಟ್ರೇಟನ್ನು ಎರಡು ಥರ ಬರೆಯುತ್ತಾರೆ. ಇಡೀ ನೈಟ್ರೇಟ್ ಅಯಾನಿನ ತೂಕ ಬರೆಯುವುದು ಒಂದು. ಅದರೊಳಗಿನ ನೈಟ್ರೋಜನ್ನಿನ ತೂಕ ಮಾತ್ರ ಬರೆಯುವುದು ಇನ್ನೊಂದು, ಅದು ಹಾಳೆಯಲ್ಲಿ `NO3-N` ಅಂತ ಇರುತ್ತದೆ. ನೈಟ್ರೇಟಿನ ತೂಕ 62, ಅದರಲ್ಲಿ ನೈಟ್ರೋಜನ್ 14. ಹಾಗಾಗಿ ಎರಡನೇ ಥರದ ಅಂಕಿಯನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಬರುತ್ತದೆ. ನಮ್ಮ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಇಡೀ ನೈಟ್ರೇಟಿನ ಲೆಕ್ಕ, ಮತ್ತು ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಅಮೆರಿಕದ ಮಿತಿ 10 ಅಂತ ಓದಿ ಅವರು ನಮಗಿಂತ ನಾಲ್ಕು ಪಟ್ಟು ಕಟ್ಟುನಿಟ್ಟು ಅಂದುಕೊಳ್ಳುವವರು ಇದ್ದಾರೆ. ಅವರದ್ದು ನೈಟ್ರೋಜನ್ ಲೆಕ್ಕ. ಗುಣಿಸಿ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ.

ಆಗಿದ್ದು ಇಷ್ಟು. ಮೊದಲ 26 ಮಾದರಿಗಳನ್ನು ಲ್ಯಾಬಿನವರು ಅಯಾನ್ ಕ್ರೊಮಟೊಗ್ರಾಫ್‌ನಲ್ಲಿ ಓಡಿಸಿದ್ದರು. ಆ ಯಂತ್ರ ಇಡೀ ನೈಟ್ರೇಟಿನ ಲೆಕ್ಕ ಕೊಡುವಂತೆ ಹೊಂದಿಸಿತ್ತು. ನಡುವೆ ಯಂತ್ರ ಕೆಟ್ಟಿತು. ನೈಟ್ರೇಟ್ ಮಾದರಿಯನ್ನು ತಣ್ಣಗೆ ಇಟ್ಟರೂ ಸುಮಾರು 48 ಗಂಟೆಯೊಳಗೆ ನೋಡಿಬಿಡಬೇಕು, ಹಾಗಾಗಿ ಉಳಿದ 14ನ್ನು ಯುವಿ ಸ್ಪೆಕ್ಟ್ರೊಫೋಟೋಮೀಟರಿನಲ್ಲಿ ಮಾಡಿದರು. ಅದು ಸರಿಯಾದ ನಿರ್ಧಾರವೇ. ಅಂಕಿಗಳೂ ತಪ್ಪಲ್ಲ, ಅವು ನೈಟ್ರೋಜನ್ ಲೆಕ್ಕದಲ್ಲಿದ್ದವು ಅಷ್ಟೇ. ಆದರೆ ಎರಡು ಹಾಳೆಗಳನ್ನು ಸೇರಿಸುವಾಗ ಎರಡೂ ಒಂದೇ ಕಾಲಂಗೆ ಬಂದು ಕೂತವು. ಕಾಲಂ ತಲೆಯಲ್ಲಿ ಸುಮ್ನೆ "ನೈಟ್ರೇಟ್, ಮಿ.ಗ್ರಾಂ/ಲೀ" ಅಂತಿತ್ತು.

ಅನುಮಾನ ಇದ್ದರೆ ಸಾಲದಲ್ಲ. ಲ್ಯಾಬ್ ಮುಚ್ಚಿತ್ತು. ಮಾದರಿಗಳ ಗಡುವು ಎಂದೋ ಮುಗಿದಿತ್ತು, ಮತ್ತೆ ಪರೀಕ್ಷೆ ಮಾಡುವ ಹಾಗಿರಲಿಲ್ಲ. ಕೆಮಿಸ್ಟ್ ಮನೆಗೆ ಫೋನ್ ಮಾಡಿದೆ. "ನೀವು ನೈಟ್ರೇಟನ್ನು ಯಾವ ಲೆಕ್ಕದಲ್ಲಿ ಕೊಟ್ಟಿದ್ದೀರಿ?" ಅಂತ ಕೇಳಲು ಹೊರಟಿದ್ದೆ. ಮೇಡಂ ತಡೆದರು. "ಹಾಗೆ ಕೇಳಬೇಡಿ, 'ಮಾಮೂಲಿ ಲೆಕ್ಕ ಸರ್' ಅಂತಾರೆ. ಸ್ಟ್ಯಾಂಡರ್ಡ್‌ಗೆ ಪೊಟ್ಯಾಸಿಯಂ ನೈಟ್ರೇಟ್ ಎಷ್ಟು ತೂಗಿದ್ರಿ ಅಂತ ಕೇಳಿ."

ಸ್ಟ್ಯಾಂಡರ್ಡ್ ಅಂದರೆ ಯಂತ್ರದ ಓದನ್ನು ಹೋಲಿಸಿ ನೋಡಲು ಗೊತ್ತಿರುವ ಪ್ರಮಾಣದಲ್ಲಿ ತಯಾರಿಸುವ ದ್ರಾವಣ. ಕೇಳಿದೆ. "ಲೀಟರಿಗೆ 0.7218 ಗ್ರಾಂ ಸರ್, 100 ಪಿಪಿಎಂ ಸ್ಟಾಕ್" ಅಂದರು, ನೋಡಿ ಹೇಳಬೇಕಾದ ಅಗತ್ಯವೂ ಇಲ್ಲದೆ. ಉತ್ತರ ಅಲ್ಲೇ ಇತ್ತು. 0.7218 ಗ್ರಾಂ ತೂಗಿದರೆ ಸಿಗುವುದು 100 ಮಿಲಿಗ್ರಾಂ ನೈಟ್ರೋಜನ್. ಇಡೀ ನೈಟ್ರೇಟಿನ ಲೆಕ್ಕದಲ್ಲಿ 100 ಬೇಕು ಅಂದರೆ 0.163 ಗ್ರಾಂ ಸಾಕು. ಬಾಯಿಮಾತಿನಲ್ಲಿ ಗೊಂದಲ ಆಗಬಹುದು, ತಕ್ಕಡಿಯ ಅಂಕಿಯಲ್ಲಿ ಆಗುವುದಿಲ್ಲ.

31ನೇ ಮಾದರಿಯನ್ನೇ ನೋಡಿ. ಧನ ಅಯಾನುಗಳ ಮೊತ್ತ 13.8 ಮಿಲಿಈಕ್ವಿವಲೆಂಟ್. ಋಣದ ಕಡೆ ಬೈಕಾರ್ಬನೇಟ್ 6.0, ಕ್ಲೋರೈಡ್ 4.6, ಸಲ್ಫೇಟ್ 1.5. ಕೋಷ್ಟಕದಲ್ಲಿ ನೈಟ್ರೇಟ್ 28 ಅಂತಿತ್ತು. ಹಾಳೆ ಅದನ್ನು 62ರಿಂದ ಭಾಗಿಸಿ 0.45 ಅಂದಿತ್ತು. ಒಟ್ಟು 12.55, ವ್ಯತ್ಯಾಸ ಪ್ಲಸ್ ಶೇ. 4.7. ಪಾಸ್! 28 ಕೂಡ 45ರ ಒಳಗೆ, ಅದೂ ಪಾಸ್. ಈಗ ಅದೇ 28ನ್ನು ನೈಟ್ರೋಜನ್ ಅಂತ ತಿಳಿದು 14ರಿಂದ ಭಾಗಿಸಿದರೆ 2.0 ಬರುತ್ತದೆ. ಒಟ್ಟು 14.1, ವ್ಯತ್ಯಾಸ ಮೈನಸ್ ಶೇ. 1.1. ನಿಜವಾದ ನೈಟ್ರೇಟ್ 124. ಮಿತಿಯ ಎರಡೂವರೆ ಪಟ್ಟಿಗಿಂತ ಜಾಸ್ತಿ.

ಇದರ ಜೊತೆಗೆ ಒಂದು ಎಚ್ಚರಿಕೆ. 31ನೇ ಮಾದರಿಯಲ್ಲಿ ಕೊರತೆ ಎದ್ದು ಕಂಡಿತು, ಯಾಕೆಂದರೆ ನೈಟ್ರೇಟ್ ತುಂಬಾ ಇತ್ತು. 12 ಅಂತ ಬರೆದಿದ್ದ ಇನ್ನೊಂದು ಬಾವಿಯ ನಿಜವಾದ ಅಂಕಿ 53, ಅದೂ ಮಿತಿ ಮೀರಿದ್ದೇ. ಆದರೆ ಅಲ್ಲಿ ಈ ತಪ್ಪಿನಿಂದ ಬ್ಯಾಲೆನ್ಸ್ ಕದಲುವುದು ಶೇ. 2-3ರಷ್ಟು ಮಾತ್ರ. ಒಂದೇ ಮಾದರಿ ಕೈಯಲ್ಲಿದ್ದರೆ ಯಾರೂ ಹಿಡಿಯಲಾರರು. ಹದಿಮೂರು ಸಾಲು ಒಂದೇ ಕಡೆಗೆ ವಾಲಿದ್ದರಿಂದ ಮಾತ್ರ ಸಿಕ್ಕಿತು. ಶೇ. 5ರ ನಿಯಮ ಒಂದೊಂದೇ ಸಾಲನ್ನು ನೋಡುತ್ತದೆ, ಗುಂಪನ್ನು ನೋಡುವುದಿಲ್ಲ.

ನನಗೆ ಈಗಲೂ ಕಸಿವಿಸಿ ಆಗುವುದು ವರದಿಯ ಒಂದು ಪ್ಯಾರಾದ ಬಗ್ಗೆ. ಮಾದರಿಗಳನ್ನು ತಾಲೂಕಿನ ಪಶ್ಚಿಮದಿಂದ ಪೂರ್ವಕ್ಕೆ ಸಂಗ್ರಹಿಸಿದ್ದರಿಂದ, ಯಂತ್ರ ಕೆಟ್ಟ ಮೇಲಿನವೆಲ್ಲ ಪೂರ್ವದ ಹಳ್ಳಿಗಳವು. ನಕ್ಷೆಯಲ್ಲಿ ಪಶ್ಚಿಮ ಕೆಂಪು, ಪೂರ್ವ ಹಸಿರು. ಕೆಳಗೆ ವಿವರಣೆ: ಪಶ್ಚಿಮದಲ್ಲಿ ಟೊಮೇಟೊ, ಹಿಪ್ಪುನೇರಳೆಗೆ ಗೊಬ್ಬರ ಜಾಸ್ತಿ ಬೀಳುತ್ತದೆ, ಪೂರ್ವದಲ್ಲಿ ರಾಗಿ ಜಾಸ್ತಿ, ಆದ್ದರಿಂದ ನೈಟ್ರೇಟ್ ಕಡಿಮೆ. ಓದಿದವರೆಲ್ಲ ಒಪ್ಪಿಕೊಳ್ಳುವಂಥ ಮಾತು. ಎಷ್ಟು ಚೆನ್ನಾಗಿ ಹೊಂದುತ್ತಿತ್ತು ಅಂದರೆ, ಆ ವಿವರಣೆಯೇ ಎಲ್ಲರ ಅನುಮಾನವನ್ನು ಮಲಗಿಸಿತ್ತು. ಅಂಕಿ ಸರಿಪಡಿಸಿದಾಗ ಪೂರ್ವದ 14 ಬಾವಿಗಳಲ್ಲಿ 5 ಕೆಂಪಾದವು. ಆ ಐದರಲ್ಲಿ ಬಹುಪಾಲು ಊರೊಳಗಿನ ಬಾವಿಗಳು, ತಿಪ್ಪೆ ಮತ್ತು ಶೌಚದ ಗುಂಡಿಗಳ ಹತ್ತಿರದವು. ಹೊಲದ ಗೊಬ್ಬರದ ಕಥೆ ಅಲ್ಲಿಗೆ ಪೂರ್ತಿ ಹೊಂದುವುದೂ ಇಲ್ಲ.

ನೈಟ್ರೇಟಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಆರು ತಿಂಗಳೊಳಗಿನ ಮಕ್ಕಳಿಗೆ ಆ ನೀರಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟಬಹುದು. ಊರವರು ಒಳ್ಳೇದಕ್ಕೆ ಅಂತ ನೀರು ಕುದಿಸುತ್ತಾರೆ. ಕುದಿಸಿದರೆ ನೀರು ಆವಿಯಾಗುತ್ತದೆ, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಈ ಎರಡು ವಾಕ್ಯ ವರದಿಯಲ್ಲಿ ಪಶ್ಚಿಮದ ಹಳ್ಳಿಗಳ ಹೆಸರಿನ ಕೆಳಗೆ ಮಾತ್ರ ಇದ್ದವು.

ಮೇಡಂ ಆ ರಾತ್ರಿಯೇ ವರದಿ ಕೇಳಿದ್ದ ಕಚೇರಿಗೆ ಫೋನ್ ಮಾಡಿ ಅರ್ಧ ದಿನ ಸಮಯ ಕೇಳಿದರು. ಕೋಷ್ಟಕ, ನಕ್ಷೆ, ಸಾರಾಂಶ ಮೂರೂ ಬದಲಾದವು, ರಾಗಿಯ ಪ್ಯಾರಾ ಹೋಯಿತು. ಪರೀಕ್ಷೆಯ ವಿಧಾನ ನಡುವೆ ಬದಲಾಗಿದ್ದು ಒಂದು ಸಾಲಿನಲ್ಲಿ ಸೇರಿತು. ಈಗ ನಮ್ಮ ಹಾಳೆಯಲ್ಲಿ `ABS` ಇಲ್ಲ. ಕಾಲಂ ತಲೆಯಲ್ಲಿ ಯಾವ ಲೆಕ್ಕ ಅಂತ ಪೂರ್ತಿ ಬರೆಯುತ್ತೇವೆ, ಮತ್ತು ಪ್ರತಿ ಬ್ಯಾಚಿಗೂ ಲ್ಯಾಬಿನಿಂದ ಸ್ಟ್ಯಾಂಡರ್ಡ್ ತೂಗಿದ ಅಂಕಿ ತರಿಸಿಕೊಳ್ಳುತ್ತೇವೆ.

ಹೊರಡುವ ಮುಂಚೆ ಹುಡುಗಿ ಇನ್ನೊಂದು ಕೇಳಿದಳು. "ಸರ್, ಇದೇ ತಾಲೂಕಿನ ಹಳೇ ವರದಿ ಒಂದಿದೆಯಲ್ಲ, ಅದಕ್ಕೆ ಹೋಲಿಸಿ ನೈಟ್ರೇಟ್ ಏರಿದೆ ಅಂತ ಬರೆದಿದ್ದೀವಿ. ಅದು ಯಾವ ಲೆಕ್ಕ?" ಬೇರೆಯವರು ಮಾಡಿದ್ದ ಆ ವರದಿ ತೆಗೆದು ನೋಡಿದೆವು. ಅಲ್ಲೂ ಬರೀ "ನೈಟ್ರೇಟ್" ಅಂತಿತ್ತು, ಲ್ಯಾಬ್ ಹಾಳೆ ಲಗತ್ತಿಸಿರಲಿಲ್ಲ. ಸೋಡಿಯಂ, ಪೊಟ್ಯಾಸಿಯಂ ಅಳೆದೇ ಇರಲಿಲ್ಲ, ಹಾಗಾಗಿ ಬ್ಯಾಲೆನ್ಸ್ ಮಾಡಿ ಕಂಡುಹಿಡಿಯಲೂ ದಾರಿಯಿಲ್ಲ. ಹೋಲಿಕೆಯ ಆ ಪುಟವನ್ನು ಪೂರ್ತಿ ತೆಗೆದುಹಾಕಿದೆವು.