ದಿಗಿಣ ಹಾಕುವಾಗ ಇಲ್ಲದ ಬೆನ್ನುನೋವು

"ರಾತ್ರಿಯಿಡೀ ಯಕ್ಷಗಾನದಲ್ಲಿ ದಿಗಿಣ ಹಾಕಿ ಕುಣಿಯುವಾಗ ಇಲ್ಲದ ನೋವು ಬೆಳಗ್ಗೆ ದನದ ಹಟ್ಟಿಗೆ ಹೋಗು ಅಂದಾಗ ಮಾತ್ರ ಎಲ್ಲಿಂದ ಬರುತ್ತದೆ ಎಂದು ಇವನ ಅಪ್ಪ ಕೇಳುತ್ತಾರೆ ಡಾಕ್ಟರೇ. ನನಗೂ ಉತ್ತರ ಗೊತ್ತಿಲ್ಲ." ತಾಯಿ ಹೀಗೆ ಹೇಳಿದಾಗ ಪಕ್ಕದಲ್ಲಿ ಕುಳಿತಿದ್ದ ಹುಡುಗ ತಲೆ ತಗ್ಗಿಸಿದ. ನಾನು ಡಾಕ್ಟರ್ ಅಲ್ಲ, ಫಿಸಿಯೋಥೆರಪಿಸ್ಟ್. ಬದಿಯಡ್ಕದ ಕಡೆ ಬಿಳಿ ಕೋಟು ಹಾಕಿದವರನ್ನೆಲ್ಲ ಹಾಗೆಯೇ ಕರೆಯುತ್ತಾರೆ. ಆದರೆ ಆ ತಾಯಿಯ ಪ್ರಶ್ನೆಯಲ್ಲೇ ರೋಗದ ಗುರುತು ಇತ್ತು. ಅಪ್ಪ ಯಾವುದನ್ನು ನೆಪ ಎಂದುಕೊಂಡಿದ್ದರೋ ಅದೇ ಆ ಮನೆಯಲ್ಲಿ ಯಾರೂ ಬಿಡಿಸಿ ನೋಡದ ಲಕ್ಷಣವಾಗಿತ್ತು.

ಆಟಿ ತಿಂಗಳು, ಬಿಡದೆ ಸುರಿಯುವ ಮಳೆ. ಹುಡುಗನಿಗೆ 23 ವರ್ಷ. ಯಕ್ಷಗಾನ ಮೇಳವೊಂದರಲ್ಲಿ ಪುಂಡುವೇಷ, ಅಂದರೆ ಜಿಗಿದು ಕುಣಿಯುವ ಯುವ ವೀರರ ಪಾತ್ರ, ಮಾಡುತ್ತಾನೆ. ಪತ್ತನಾಜೆಗೆ ಆ ವರ್ಷದ ಆಟ ಮುಗಿದು ಮೇಳ ಗೆಜ್ಜೆ ಬಿಚ್ಚಿದ ಮೇಲೆ ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಸೊಂಟದ ಕೆಳಗಿನ ನೋವು ಶುರುವಾಗಿ ಒಂದೂವರೆ ವರ್ಷವಾಗಿತ್ತು. ಯಾವ ದಿನ ಶುರುವಾಯಿತು ಎಂದು ಕೇಳಿದರೆ ಅವನಿಗೆ ಹೇಳಲಾಗಲಿಲ್ಲ. ಬಿದ್ದದ್ದಿಲ್ಲ, ಭಾರ ಎತ್ತಿದ್ದಿಲ್ಲ, ಯಾವಾಗಲೋ ಮೆಲ್ಲನೆ ಬಂದು ನಿಂತಿತು. ಆಟದ ತಿಂಗಳುಗಳಲ್ಲಿ ಹೇಗೋ ನಡೆಯುತ್ತಿತ್ತು. ಮಳೆಗಾಲ ಹಿಡಿದದ್ದೇ ವಿಪರೀತವಾಯಿತು. ಮನೆಯವರು ಥಂಡಿ ಎಂದರು. ಸ್ಕ್ಯಾನ್ ಮಾಡಿಸಿದಾಗ ನಾಲ್ಕನೆಯ ಮತ್ತು ಐದನೆಯ ಸೊಂಟದ ಕಶೇರುಗಳ ನಡುವಿನ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ಬಂತು. ಅದಕ್ಕೆ ವಿಶ್ರಾಂತಿ ಹೇಳಿದ್ದರು. ಮೂರು ವಾರ ಮಲಗಿದ. ನೋವು ಹೆಚ್ಚಾಯಿತು.

ಮಲಗಿದಷ್ಟೂ ಹೆಚ್ಚಾದ ನೋವು ಎಂಬುದನ್ನು ನಾನು ಕಾಗದದಲ್ಲಿ ಮೊದಲು ಬರೆದುಕೊಂಡೆ. ಅದೇ ಬೆಳಗ್ಗೆ, ಅವನಿಗಿಂತ ಮುಂಚೆ, ನೀರ್ಚಾಲಿನ ಕಡೆಯ ಕೃಷಿಕರೊಬ್ಬರನ್ನು ನೋಡಿದ್ದೆ. ನಲವತ್ತೆಂಟರ ವಯಸ್ಸು. ಅಡಿಕೆಗೆ ಮದ್ದು ಬಿಡುವ ದಿನ ಮೈಲುತುತ್ತು ದ್ರಾವಣದ ಡ್ರಮ್ಮು ಸರಿಸುವಾಗ ಬೆನ್ನು ಹಿಡಿದಿತ್ತು. ಅವರಿಗೆ ದಿನ, ಹೊತ್ತು, ಡ್ರಮ್ಮು ಎಲ್ಲ ನೆನಪಿದೆ. ಮಲಗಿದರೆ ಹಾಯೆನಿಸುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಬೆಳಗ್ಗೆ ಅವರ ಬೆನ್ನೂ ಬಿಗಿಯುತ್ತದೆ, ಆದರೆ ಹಲ್ಲುಜ್ಜಿ ಮುಖ ತೊಳೆಯುವಷ್ಟರಲ್ಲಿ ಸಡಿಲವಾಗುತ್ತದೆ. ತೋಟಕ್ಕಿಳಿದು ಬಗ್ಗಿದರೆ ಮತ್ತೆ ನೋವು, ಸಂಜೆಗೆ ಇನ್ನೂ ಜಾಸ್ತಿ. ಇದು ಸ್ನಾಯು, ಡಿಸ್ಕ್, ಕೀಲುಗಳ ಮೇಲೆ ಭಾರ ಬಿದ್ದು ಬರುವ ಯಾಂತ್ರಿಕ ನೋವು. ನಮ್ಮಲ್ಲಿಗೆ ಬರುವ ಬೆನ್ನುನೋವಿನಲ್ಲಿ ಬಹುಪಾಲು ಇಂಥದ್ದೇ.

ಹುಡುಗನ ದಿನಚರಿ ಇದಕ್ಕೆ ತಿರುಗುಮುರುಗಾಗಿತ್ತು. ಬೆಳಗಿನ ಜಾವ ಮೂರೂವರೆ, ನಾಲ್ಕಕ್ಕೆ ನೋವಿನಿಂದ ಎಚ್ಚರವಾಗುತ್ತದೆ. ಮಗ್ಗುಲು ಬದಲಿಸಿದರೂ ಹೋಗುವುದಿಲ್ಲ. ಎದ್ದು ಚಾವಡಿಯಲ್ಲಿ ಆಚೀಚೆ ನಡೆದರೆ ಕಡಿಮೆಯಾಗುತ್ತದೆ, ಆಮೇಲೆ ಮಲಗುತ್ತಾನೆ. ಬೆಳಗ್ಗೆ ಏಳುವಾಗ ಸೊಂಟ ಮರಗಟ್ಟಿದಂತೆ, ಚಡ್ಡಿ ಹಾಕಲು ಕಾಲೆತ್ತುವುದೇ ಕಷ್ಟ. ಹಟ್ಟಿಗೆ ಹೋಗು ಎಂದು ಅಪ್ಪ ಹೇಳುವುದು ಸರಿಯಾಗಿ ಆ ಹೊತ್ತಿಗೆ. ಬಿಗಿತ ಬಿಡಲು ಒಂದು ಗಂಟೆಗಿಂತ ಹೆಚ್ಚು ಬೇಕು. ಬಿಸಿನೀರ ಸ್ನಾನ ಮಾಡಿ, ಹಾಲಿನ ಸೊಸೈಟಿಯವರೆಗೆ ನಡೆದು ಬಂದರೆ ಬೇಗ ಬಿಡುತ್ತದೆ. ಅಂಗಡಿಯಲ್ಲಿ ಎರಡು ಗಂಟೆ ಕುಳಿತು ಎದ್ದರೆ ಮತ್ತೆ ಹಿಡಿಯುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಪ್ರವೇಶಕ್ಕೆ ಕಾಯುವಾಗ ಬೆನ್ನು ಕಲ್ಲಿನಂತೆ, ರಂಗಸ್ಥಳಕ್ಕೆ ಹೋಗಿ ಎರಡು ಪದಕ್ಕೆ ಕುಣಿದರೆ ನೋವಿನ ನೆನಪೇ ಇರುವುದಿಲ್ಲ. ಮಳೆಗಾಲದಲ್ಲಿ ಹೆಚ್ಚಾದದ್ದು ಥಂಡಿಯಿಂದಲ್ಲ, ಕುಣಿತ ನಿಂತದ್ದರಿಂದ ಎಂದು ನನಗೆ ಆಗ ಅನ್ನಿಸಿತು.

ನೋವು ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಹೇಳಿದೆ. ಬೆನ್ನಿನ ನಡುವೆ ತೋರಿಸಲಿಲ್ಲ. ಪೃಷ್ಠದ ಮೇಲ್ಭಾಗದಲ್ಲಿ, ಸೊಂಟದಲ್ಲಿ ಗುಳಿ ಬೀಳುವ ಜಾಗದ ಕೆಳಗೆ ತೋರಿಸಿದ. ಕೆಲವು ವಾರ ಬಲಕ್ಕೆ, ಕೆಲವು ವಾರ ಎಡಕ್ಕೆ. ಮೊಣಕಾಲಿನಿಂದ ಕೆಳಕ್ಕೆ ಇಳಿಯುವುದಿಲ್ಲ, ಜೋಮು ಇಲ್ಲ. ಬೆನ್ನೆಲುಬಿನ ಬುಡದ ತ್ರಿಕೋನ ಎಲುಬು ಸೊಂಟದ ಎಲುಬಿಗೆ ಸೇರುವ ಕೀಲು ಅಲ್ಲಿದೆ. ಸ್ಯಾಕ್ರೊಇಲಿಯಾಕ್ ಕೀಲು ಎನ್ನುತ್ತಾರೆ. ನಾನು ಶಂಕಿಸುತ್ತಿದ್ದ ರೋಗ, ಅಂದರೆ ಬೆನ್ನುಮೂಳೆಯ ಉರಿಯೂತದ ವಾತ, ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ಈ ಕೀಲಿನಲ್ಲಿ. ಅಸ್ಥಿಬಂಧಗಳು ಎಲುಬಿಗೆ ಅಂಟುವ ಜಾಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಉರಿಯೂತ ಎಬ್ಬಿಸುತ್ತದೆ. ವರ್ಷಗಟ್ಟಲೆ ಬಿಟ್ಟರೆ ಕೆಲವರಲ್ಲಿ ಅಲ್ಲಿ ಹೊಸ ಎಲುಬು ಬೆಳೆದು ಕಶೇರುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆ ಹಂತಕ್ಕೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಹಳೆಯ ಹೆಸರು ಹೆಚ್ಚು ಪರಿಚಿತ.

ಕಣ್ಣಿಗೆ ಏನಾದರೂ ಆಗಿತ್ತೇ ಎಂದು ಕೇಳಿದೆ. ಬೆನ್ನುನೋವಿಗೆ ಬಂದವರನ್ನು ಕಣ್ಣಿನ ಬಗ್ಗೆ ಏಕೆ ಕೇಳುತ್ತೀರಿ ಎಂಬಂತೆ ತಾಯಿ ನೋಡಿದರು. ಹಿಂದಿನ ವರ್ಷ ಕೆಂಗಣ್ಣು ಬಂದಿತ್ತಂತೆ. ಒಂದೇ ಕಣ್ಣಿಗೆ. ಪಿಸುರು ಇರಲಿಲ್ಲ, ಆದರೆ ವಿಪರೀತ ನೋವು, ಬೆಳಕು ನೋಡಲಾಗುತ್ತಿರಲಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಹರಡಲಿಲ್ಲ. ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸುವ ಹನಿ ಹಾಕಿದ್ದರು. ಇದು ಊರಲ್ಲಿ ಹರಡುವ ಕೆಂಗಣ್ಣಲ್ಲ, ಕಣ್ಣಿನ ನಡುಪದರದ ಉರಿಯೂತ, ಯುವೈಟಿಸ್. ಈ ಬೆನ್ನಿನ ರೋಗ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಂದಾದರೊಮ್ಮೆ ಬರುತ್ತದೆ. ಹಾಗೆ ಕಣ್ಣು ಕೆಂಪಾದ ದಿನವೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು, ಔಷಧದಂಗಡಿಯ ಹನಿ ಹಾಕಿ ಕಾಯಬಾರದು. ತಡವಾದರೆ ದೃಷ್ಟಿಗೆ ಕುತ್ತು.

ಆಮೇಲೆ ನಿಲ್ಲಿಸಿ ಬಗ್ಗಲು ಹೇಳಿದೆ. ಬಗ್ಗಿದ, ಬೆರಳು ನೆಲಕ್ಕೆ ತಾಗಿತು! ತಾಯಿಯ ಮುಖದಲ್ಲಿ ಮತ್ತೆ ಅನುಮಾನ. ಆದರೆ ಕುಣಿಯುವವನ ತೊಡೆಸಂದು ಸಡಿಲವಿರುತ್ತದೆ. ಅವನು ಅಲ್ಲಿಂದ ಬಗ್ಗುತ್ತಿದ್ದ, ಸೊಂಟದಿಂದಲ್ಲ. ಅದನ್ನು ಕಂಡುಹಿಡಿಯಲು ಟೈಲರ್ ಟೇಪು ಸಾಕು. ನೇರ ನಿಲ್ಲಿಸಿ, ಸೊಂಟದ ಎರಡು ಗುಳಿಗಳನ್ನು ಸೇರಿಸುವ ಗೆರೆಯ ನಡುವೆ ಪೆನ್ನಿನಿಂದ ಒಂದು ಗುರುತು, ಅಲ್ಲಿಂದ ಸರಿಯಾಗಿ 10 ಸೆಂಟಿಮೀಟರ್ ಮೇಲೆ ಇನ್ನೊಂದು. ಮೊಣಕಾಲು ಮಡಿಸದೆ ಪೂರ್ತಿ ಬಗ್ಗಿದಾಗ ಆ ಗುರುತುಗಳ ನಡುವಿನ ದೂರ ಸಾಮಾನ್ಯವಾಗಿ 15 ಸೆಂಟಿಮೀಟರ್ ಅಥವಾ ಹೆಚ್ಚಾಗಬೇಕು. ಅವನದ್ದು 13ಕ್ಕೆ ನಿಂತಿತು. ಕಶೇರುಗಳು ಬಿಚ್ಚಿಕೊಳ್ಳುತ್ತಿರಲಿಲ್ಲ. ಎದೆಗೆ ಟೇಪು ಸುತ್ತಿ ಉಸಿರು ಎಳೆದು ಬಿಡಿಸಿದಾಗ ನಾಲ್ಕೂವರೆ ಸೆಂಟಿಮೀಟರ್ ಹಿಗ್ಗಿತು. ಅಂದರೆ ಪಕ್ಕೆಲುಬಿನ ಕೀಲುಗಳು ಇನ್ನೂ ಚೆನ್ನಾಗಿದ್ದವು. ಮಲಗಿಸಿ ಕಾಲು ನೇರ ಎತ್ತಿದರೆ ನರ ಎಳೆಯಲಿಲ್ಲ. ಪೃಷ್ಠದ ಕೀಲನ್ನು ಒತ್ತಿದಾಗ ಮಾತ್ರ ಹಲ್ಲು ಕಚ್ಚಿದ.

ಸ್ಕ್ಯಾನಿನಲ್ಲಿ ಡಿಸ್ಕ್ ಬಂದಿದೆಯಲ್ಲ ಎಂದು ತಾಯಿ ಕೇಳಿದ್ದು ನ್ಯಾಯವೇ. ಬೆನ್ನುನೋವೇ ಇಲ್ಲದ ಇಪ್ಪತ್ತರ ಹರೆಯದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಹತ್ತರಲ್ಲಿ ಮೂವರಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಚಿತ್ರದಲ್ಲಿ ಇದ್ದ ಮಾತ್ರಕ್ಕೆ ನೋವು ಅದರಿಂದಲೇ ಎನ್ನಲಾಗುವುದಿಲ್ಲ. ಇನ್ನೊಂದು, ಅವನಿಗೆ ತೆಗೆದದ್ದು ಸೊಂಟದ ಬೆನ್ನೆಲುಬಿನ ಎಂಆರ್‌ಐ. ನೋವಿದ್ದ ಕೀಲು ಆ ಚಿತ್ರದಲ್ಲಿ ಸರಿಯಾಗಿ ಬರುವುದಿಲ್ಲ. ಸ್ಯಾಕ್ರೊಇಲಿಯಾಕ್ ಕೀಲುಗಳಿಗೆಂದೇ ಬೇರೆ ಕೋನದಲ್ಲಿ, ಕೊಬ್ಬಿನ ಬಿಳುಪನ್ನು ಅಡಗಿಸಿ ತೆಗೆದರೆ ಎಲುಬಿನೊಳಗಿನ ಉರಿಯೂತ ಬೆಳ್ಳಗೆ ಕಾಣುತ್ತದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳೇ ಬೇಕಾಗುತ್ತವೆ. ಎಕ್ಸ್‌ರೇ ಚೆನ್ನಾಗಿದೆ ಎಂದು ಇಂಥ ಹುಡುಗರನ್ನು ಮನೆಗೆ ಕಳಿಸುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ರೋಗ ಇದೇ ಎಂದು ಹೇಳುವ ಅಧಿಕಾರ ನನ್ನದಲ್ಲ. ನಲವತ್ತರೊಳಗೆ ಶುರು, ಮೆಲ್ಲನೆ ಬಂದದ್ದು, ವ್ಯಾಯಾಮಕ್ಕೆ ಇಳಿಯುವುದು, ವಿಶ್ರಾಂತಿಗೆ ಇಳಿಯದಿರುವುದು, ರಾತ್ರಿ ಎಬ್ಬಿಸುವುದು: ತಜ್ಞರು ಹೇಳುವ ಈ ಐದರಲ್ಲಿ ನಾಲ್ಕು ಇದ್ದರೆ ಉರಿಯೂತದ ನೋವು ಎಂದು ಶಂಕಿಸುತ್ತಾರೆ. ಇವನಿಗೆ ಐದೂ ಇದ್ದವು. ಆದರೂ ಯಾಂತ್ರಿಕ ನೋವಿರುವ ಕೆಲವರೂ ಈ ಪ್ರಶ್ನೆಗಳಿಗೆಲ್ಲ ಹೌದು ಎನ್ನುತ್ತಾರೆ. ಹಾಗಾಗಿ ನೋಡಿದ್ದನ್ನೆಲ್ಲ ಪತ್ರದಲ್ಲಿ ಬರೆದು ಮಂಗಳೂರಿನ ಸಂಧಿವಾತ ತಜ್ಞರೊಬ್ಬರಲ್ಲಿಗೆ ಕಳಿಸಿದೆ.

ಅಲ್ಲಿ ಕೀಲುಗಳ ಎಂಆರ್‌ಐಯಲ್ಲಿ ಎರಡೂ ಕಡೆ ಉರಿಯೂತ ಕಂಡಿತು. ಈ ರೋಗದೊಂದಿಗೆ ನಂಟಿರುವ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿನ ರಕ್ತಪರೀಕ್ಷೆ ಪಾಸಿಟಿವ್. ಉರಿಯೂತದ ಅಳತೆಯಾದ ಸಿಆರ್‌ಪಿ ಮಾತ್ರ ಸಾಮಾನ್ಯವಿತ್ತು. ಈ ರೋಗದಲ್ಲಿ ಅದು ಹಾಗಿರುವುದು ಅಪರೂಪವೇನಲ್ಲ. ವೈದ್ಯರು ಉರಿಯೂತ ಇಳಿಸುವ ನ್ಯಾಪ್ರೊಕ್ಸೆನ್ ಮಾತ್ರೆಯನ್ನು ನೋವಿದ್ದಾಗ ಮಾತ್ರ ಅಲ್ಲ, ಕ್ರಮವಾಗಿ ದಿನವೂ ಊಟದ ನಂತರ ತೆಗೆದುಕೊಳ್ಳಲು ಹೇಳಿದರು. ಜೊತೆಗೆ ಹೊಟ್ಟೆಗೆ ರಕ್ಷಣೆಯ ಮಾತ್ರೆ, ಕಿಡ್ನಿಯ ಪರೀಕ್ಷೆ. ಎರಡನೆಯ ದಿನವೇ ರಾತ್ರಿ ಎಚ್ಚರವಾಗದೆ ಮಲಗಿದೆ ಎಂದು ಹುಡುಗ ಫೋನಿನಲ್ಲಿ ಹೇಳಿದಾಗ ಅವನ ಧ್ವನಿಯೇ ಬೇರೆಯಾಗಿತ್ತು. ಎಲ್ಲರಿಗೂ ಇಷ್ಟು ಬೇಗ ಇಳಿಯುವುದಿಲ್ಲ. ಇಂಥ ಎರಡು ಔಷಧಗಳನ್ನು ಕೆಲವು ವಾರ ಪೂರ್ತಿ ಪ್ರಮಾಣದಲ್ಲಿ ಕೊಟ್ಟೂ ಇಳಿಯದಿದ್ದರೆ ಚುಚ್ಚುಮದ್ದಿನ ರೂಪದ ಜೈವಿಕ ಔಷಧಗಳಿವೆ. ಅವು ದುಬಾರಿ. ಕೊಡುವ ಮೊದಲು ದೇಹದಲ್ಲಿ ಕ್ಷಯ ಅಡಗಿದೆಯೇ ಎಂದು ನೋಡಲೇಬೇಕು, ಏಕೆಂದರೆ ಅವುಗಳಲ್ಲಿ ಕೆಲವು ಅಡಗಿದ ಕ್ಷಯವನ್ನು ಎಬ್ಬಿಸಬಲ್ಲವು.

ನನ್ನ ಪಾಲಿಗೆ ಬಂದದ್ದು ವ್ಯಾಯಾಮ. ಬೆನ್ನು ಮುಂದಕ್ಕೆ ಬಾಗದಂತೆ ಹಿಂದಕ್ಕೆ ಚಾಚುವುದು, ಗೋಡೆಗೆ ಹಿಮ್ಮಡಿ ಮತ್ತು ತಲೆಯ ಹಿಂಭಾಗ ತಾಗಿಸಿ ನಿಲ್ಲುವುದು, ದೀರ್ಘ ಉಸಿರು, ದಿನವೂ ಸ್ವಲ್ಪ ಹೊತ್ತು ಬೋರಲಾಗಿ ಮಲಗುವುದು. ಅಂಗಡಿಯಲ್ಲಿ ಅರ್ಧ ಗಂಟೆಗೊಮ್ಮೆ ಏಳಬೇಕು. ಮಳೆಗಾಲದಲ್ಲೂ ಮನೆಯ ಚಾವಡಿಯಲ್ಲಿ ಕುಣಿತದ ಅಭ್ಯಾಸ ಬಿಡಬಾರದು ಎಂದೆ. ಬೀಡಿ ಸಿಗರೇಟಿನ ಅಭ್ಯಾಸವಿದೆಯೇ ಎಂದೂ ಕೇಳಿದೆ. ಹೊಗೆ ಈ ರೋಗದಲ್ಲಿ ಬೆನ್ನೆಲುಬಿನ ಹಾನಿಗೆ ಜೊತೆಯಾಗುತ್ತದೆ. ಅವನಿಗಿರಲಿಲ್ಲ.

ಮುಂದಿನ ಸಲ ಅವನ ಅಪ್ಪನೇ ಜೊತೆಗೆ ಬಂದರು. ನಾನು ಟೇಪು ಹಿಡಿದು 10 ಸೆಂಟಿಮೀಟರ್ ಎಷ್ಟಾಗುತ್ತದೆ ಎಂದು ಮೊದಲು ಅವರ ಬೆನ್ನಿನ ಮೇಲೆಯೇ ತೋರಿಸಿದೆ. ಐವತ್ತೆರಡರ ಅಪ್ಪನದ್ದು 15 ದಾಟಿತು, ಮಗನದ್ದು ಹದಿಮೂರೂವರೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಕಾಲೇಜಿಗೆ ಹೋಗುವ ಕಿರಿಯ ಮಗನಿಗೂ ಆ ರಕ್ತಪರೀಕ್ಷೆ ಮಾಡಿಸಲೇ ಎಂದು ಕೇಳಿದರು. ಬೇಡ ಎಂದೆ. ಬಿ27 ಇರುವವರಲ್ಲಿ ಬಹುಪಾಲು ಜನರಿಗೆ ಈ ರೋಗ ಜೀವಮಾನದಲ್ಲಿ ಬರುವುದೇ ಇಲ್ಲ. ಅಣ್ಣನಿಗೆ ಇರುವುದರಿಂದ ತಮ್ಮನಿಗೆ ಸಾಧ್ಯತೆ ಇತರರಿಗಿಂತ ಹೆಚ್ಚು ನಿಜ, ಆದರೆ ನೋವಿಲ್ಲದವನ ರಕ್ತದಲ್ಲಿ ಅದನ್ನು ಹುಡುಕಿದರೆ ಸಿಗುವುದು ಹೆದರಿಕೆ ಮಾತ್ರ. ಅವನಿಗೆ ಬೆಳಗ್ಗೆ ಬೆನ್ನು ಹಿಡಿದು ಮೂರು ತಿಂಗಳಾದರೂ ಹೋಗದಿದ್ದರೆ, ಅಥವಾ ಒಂದು ಕಣ್ಣು ನೋವಿನೊಂದಿಗೆ ಕೆಂಪಾದರೆ, ಆಗ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದೆ.