ಶುಕ್ರವಾರ ರಾತ್ರಿ ಹೊರಟ ತಪ್ಪಿಗೆ ಮೂರೂವರೆ ಸಾವಿರ: ಧರ್ಮಸ್ಥಳ, ಕುಕ್ಕೆಗೆ ಕ್ಯಾಬ್ ಬುಕ್ ಮಾಡುವವರಿಗೆ

ಅಮ್ಮನಿಗೆ ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಬೇಕಿತ್ತು. ದಾರಿಯಲ್ಲಿ ಧರ್ಮಸ್ಥಳ ಬಿಡೋಕಾಗುತ್ತಾ? ಬೆಂಗಳೂರಿನಿಂದ ನಾಲ್ಕು ಜನ, ಒಂದು ಸೆಡಾನ್ ಕಾರು. ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಟರೆ ಬೆಳಗ್ಗೆ ನೇತ್ರಾವತಿಯಲ್ಲಿ ಸ್ನಾನ, ದರ್ಶನ, ಸಂಜೆ ಕುಕ್ಕೆಯಲ್ಲಿ ರೂಮು, ಭಾನುವಾರ ಪೂಜೆ ಮುಗಿಸಿ ವಾಪಸ್. ಒಂದು ರಾತ್ರಿಯ ರೂಮು ಬಾಡಿಗೆ ಉಳಿಸಿದೆ ಅಂತ ನನಗೆ ಭಾರಿ ಖುಷಿ.

ಬುಕಿಂಗ್ ಸೈಟಿನಲ್ಲಿ ಬೆಂಗಳೂರು, ಧರ್ಮಸ್ಥಳ ಅಂತ ಹಾಕಿದೆ. ಹೋಗಿ ಬರಲು 600 ಕಿ.ಮೀ., ಕಿಲೋಮೀಟರಿಗೆ 12 ರೂಪಾಯಿ, ಒಟ್ಟು 7,200 ಅಂತ ದೊಡ್ಡ ಅಕ್ಷರದಲ್ಲಿ ಬಂತು. ಮುಂಗಡ ಕಟ್ಟಿದೆ, ಕನ್ಫರ್ಮೇಶನ್ ಮೆಸೇಜೂ ಬಂತು. ಕೊನೆಗೆ ನಾನು ಕೊಟ್ಟಿದ್ದು 12,300, ಟೋಲ್ ಪಾರ್ಕಿಂಗ್ ಬಿಟ್ಟು. ಯಾರೂ ಮೋಸ ಮಾಡಿರಲಿಲ್ಲ. ನಾನು ದೂರ ನೋಡಿದ್ದೆ, ಗಡಿಯಾರ ನೋಡಿರಲಿಲ್ಲ ಅಷ್ಟೆ.

ಹೊರಊರಿನ ಬಾಡಿಗೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ ಇಷ್ಟು ಕಿ.ಮೀ. ಅಂತ ಕನಿಷ್ಠ ಲೆಕ್ಕ ಇರುತ್ತದೆ. ನಮ್ಮದರಲ್ಲಿ 300. ದಿನ ಅಂದರೆ ನಾವು ಹೊರಟಲ್ಲಿಂದ 24 ಗಂಟೆ ಅಲ್ಲ, ಕ್ಯಾಲೆಂಡರಿನ ದಿನ. ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. ನಾವು ಶುಕ್ರವಾರ ಹತ್ತೂವರೆಗೆ ಹತ್ತಿದೆವು. ಆ ಒಂದೂವರೆ ಗಂಟೆಗೂ ಪೂರ್ತಿ ಒಂದು ದಿನದ ಲೆಕ್ಕ. ಕುಣಿಗಲ್ ದಾಟಿದ ಮೇಲೆ ಚಹಾಕ್ಕೆ ನಿಲ್ಲಿಸಿದಾಗ ಡ್ರೈವರೇ ಹೇಳಿದರು: "ಸಾರ್, ಇವತ್ತಿಂದೂ ಒಂದು ದಿನ ಆಯ್ತು. ಮೂರು ದಿನ ಅಂದ್ರೆ 900 ಕಿಲೋಮೀಟರ್. ಬೆಳಗ್ಗೆ ಆರಕ್ಕೆ ಹೊರಟಿದ್ರೆ ಎರಡೇ ದಿನ ಆಗ್ತಿತ್ತು."

ಲೆಕ್ಕ ಬಿಡಿಸಿ ಹೇಳ್ತೀನಿ. 900 ಕಿ.ಮೀ.ಗೆ 10,800. ಡ್ರೈವರ್ ಬಾಟಾ ದಿನಕ್ಕೆ 400ರಂತೆ 1,200. ರಾತ್ರಿ ಹತ್ತರಿಂದ ಬೆಳಗ್ಗೆ ಆರರೊಳಗೆ ಓಡಿಸಿದ್ದಕ್ಕೆ ನೈಟ್ ಚಾರ್ಜ್ 300. ಗಾಡಿ ನಿಜವಾಗಿ ಓಡಿದ್ದು 662 ಕಿ.ಮೀ. ಶನಿವಾರ ಆರಕ್ಕೆ ಹೊರಟಿದ್ದರೆ ಓಡಿದಷ್ಟಕ್ಕೆ 7,944, ಎರಡು ದಿನದ ಬಾಟಾ 800, ಒಟ್ಟು 8,744. ಹೆಚ್ಚೂಕಡಿಮೆ ಮಧ್ಯಾಹ್ನ ಒಂದಕ್ಕೆ ಧರ್ಮಸ್ಥಳದಲ್ಲಿ ಇರುತ್ತಿದ್ದೆವು. ಉಳಿಸಿದೆ ಅಂದುಕೊಂಡ ರೂಮು ಬಾಡಿಗೆಗಿಂತ ಕಳೆದದ್ದೇ ಜಾಸ್ತಿ. ಮೇಲಾಗಿ ಶಿರಾಡಿ ಘಾಟಿಯನ್ನು ನಿದ್ದೆಗಣ್ಣಿನಲ್ಲಿ ಇಳಿದದ್ದು ಬೇರೆ.

662 ಹೇಗಾಯ್ತು ಅಂದರೆ, ನಾನು ಸೈಟಿನಲ್ಲಿ ಕುಕ್ಕೆ ಹಾಕಿರಲೇ ಇಲ್ಲ. ಹೇಗೂ ದಾರಿಯಲ್ಲೇ ಅಲ್ವಾ ಅಂದುಕೊಂಡೆ. ಧರ್ಮಸ್ಥಳದಿಂದ ಅದೇ ಐವತ್ತು ಚಿಲ್ಲರೆ ಕಿ.ಮೀ. ನಿಲ್ಲುವ ಊರೆಲ್ಲ ಬುಕಿಂಗ್‌ನಲ್ಲೇ ಸೇರಿಸಿ. ಮೀಟರ್ ಎಲ್ಲಿಂದ ಶುರು ಅಂತಲೂ ಕೇಳಿ. ಕೆಲವರು ನಿಮ್ಮ ಮನೆಯಿಂದ ಎಣಿಸುತ್ತಾರೆ, ಕೆಲವರು ಅವರ ಗ್ಯಾರೇಜಿನಿಂದ. ಗ್ಯಾರೇಜು ಊರಿನ ಆ ತುದಿಯಲ್ಲಿದ್ದರೆ ಹೋಗಿ ಬಂದು ನಲವತ್ತು ಕಿ.ಮೀ. ಸುಮ್ನೆ ಸೇರುತ್ತದೆ. ನಾನು ಹತ್ತುವಾಗ ಮೀಟರಿನ ಫೋಟೊ ತೆಗೆದಿದ್ದೆ. ಇಳಿಯುವಾಗ ಮತ್ತೊಂದು. ಆ ವಿಷಯದಲ್ಲಿ ಮಾತೇ ಬರಲಿಲ್ಲ.

ಕನ್ಫರ್ಮೇಶನ್ ಮೆಸೇಜನ್ನು ಬುಕಿಂಗ್ ನಂಬರ್ ನೋಡಿ ಮುಚ್ಚಿಡಬೇಡಿ. ಎಷ್ಟು ದಿನ, ಕನಿಷ್ಠ ಎಷ್ಟು ಕಿ.ಮೀ., ನೈಟ್ ಚಾರ್ಜಿನ ಗಂಟೆ ಯಾವುದು, ಟೋಲ್ ಸೇರಿದೆಯಾ ಇಲ್ವಾ, ಇಷ್ಟು ಅದರಲ್ಲಿ ಇರಬೇಕು. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ, ಬರಹದಲ್ಲಿ ಕಳಿಸಿ ಅನ್ನಿ. ದಿನ ಉಳಿಸಲು ಹನ್ನೆರಡು ದಾಟಿಸಿ ಹೊರಡುವವರು ತಾರೀಖು ಎರಡು ಸಲ ನೋಡಿ. ಶುಕ್ರವಾರ ರಾತ್ರಿ 12:15 ಅಂದರೆ ಸೈಟಿಗೆ ಅದು ಶನಿವಾರ. ನನ್ನ ಭಾವ ಹೀಗೇ ಶುಕ್ರವಾರದ ತಾರೀಖು ಒತ್ತಿ, ಗುರುವಾರ ರಾತ್ರಿ ಮಲಗಿದ್ದಾಗ ಡ್ರೈವರ್ ಗೇಟಿನ ಮುಂದೆ ನಿಂತು ಫೋನ್ ಮಾಡಿದ್ದರು.

ಗಾಡಿ ನಂಬರು ನಮಗೆ ಬಂದಿದ್ದು ಹೊರಡುವ ಮೂರು ಗಂಟೆ ಮೊದಲು. ಬಂದ ಗಾಡಿಯ ನಂಬರು ಮೆಸೇಜಿಗೆ ತಾಳೆಯಾಗಬೇಕು, ಬೋರ್ಡು ಹಳದಿ ಇರಬೇಕು. ಬಿಳಿ ಬೋರ್ಡಿನ ಸ್ವಂತ ಕಾರು ಕಳಿಸಿದರೆ ಹತ್ತಬೇಡಿ, ಅದಕ್ಕೆ ಬಾಡಿಗೆ ಓಡಿಸುವ ಪರ್ಮಿಟ್ಟೇ ಇರುವುದಿಲ್ಲ. ಟೋಲ್ ಡ್ರೈವರ ಫಾಸ್ಟ್ಯಾಗ್‌ನಿಂದ ಕಟ್ ಆಗುತ್ತದೆ. ಕೊನೆಯಲ್ಲಿ ಅವರ ಫೋನಿನ ಮೆಸೇಜುಗಳನ್ನು ಒಟ್ಟಿಗೆ ಕೂತು ಕೂಡಿದರೆ ಆಯ್ತು.

ಭಾನುವಾರ ವಾಪಸ್ ಬರುವಾಗ ನೆಲಮಂಗಲದಲ್ಲಿ ಟ್ರಾಫಿಕ್. ಗಂಟೆ ಒಂಬತ್ತು. ಅಮ್ಮ ಕಾಫಿ ಕುಡಿಯೋಣ ಅಂದರು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಬೇಡ ಅಮ್ಮ, ಹತ್ತರೊಳಗೆ ಮನೆ ಸೇರಿದ್ರೆ ನಿಮಗೆ ಇನ್ನೊಂದು ನೈಟ್ ಚಾರ್ಜ್ ಉಳಿಯುತ್ತೆ" ಅಂದರು. ಒಂಬತ್ತು ಐವತ್ತಕ್ಕೆ ಇಳಿದೆವು. ಕಾಫಿ ಅವರಿಗೂ ಸೇರಿಸಿ ಮನೆಯಲ್ಲೇ ಆಯ್ತು.